ರೆಡ್ ಕಾರ್ಡ್ ಬಿದ್ದ ಕೂಡಲೇ ‘ಓವರ್’ ಹಾಕುವವರೇ, ಸ್ವಲ್ಪ ತಡೆಯಿರಿ
ಶಿವಮೊಗ್ಗದಲ್ಲಿ ನಮ್ಮ ಚಿಕ್ಕಪ್ಪನ ಮಗ ಮೊನ್ನೆ ರಾತ್ರಿ ಎರಡು ಸಾವಿರ ಕಳೆದುಕೊಂಡ. ಫುಟ್‌ಬಾಲ್ ಮ್ಯಾಚ್ 0-0, ಅರವತ್ತನೇ ನಿಮಿಷ. ಹೊರಗಿನ ತಂಡದ ಡಿಫೆಂಡರ್‌ಗೆ ರೆಡ್ ಕಾರ್ಡ್. "ಅಣ್ಣಾ, ಇನ್ನು ಗೋಲುಗಳ ಸುರಿಮಳೆ ನೋಡು" ಅಂತ ಹೇಳಿ, ಮ್ಯಾಚ್‌ನಲ್ಲಿ ಒಟ್ಟು ಎರಡು ಗೋಲಾದರೂ ಬೀಳುತ್ತವೆ ಅನ್ನುವ ‘ಓವರ್ 1.5’ ಮೇಲೆ ಹಾಕಿದ. ದರ 3.40, ಅಂದರೆ ಗೆದ್ದರೆ ಹಾಕಿದ ಒಂದೊಂದು ರೂಪಾಯಿಗೆ 3.40 ವಾಪಸ್. ಮ್ಯಾಚ್ 1-0ಗೆ ಮುಗಿಯಿತು.

ಅದೃಷ್ಟ ಕೈಕೊಟ್ಟಿತು ಅಂತ ಅವನು ಇವತ್ತಿಗೂ ಹೇಳ್ತಾನೆ. ನನಗೆ ಹಾಗನ್ನಿಸಲಿಲ್ಲ, ಕೂತು ಲೆಕ್ಕ ಹಾಕಿದೆ.

ಎರಡೂ ಸಮಬಲದ ತಂಡಗಳು ಅಂದುಕೊಳ್ಳಿ. ಉಳಿದ ಅರ್ಧ ಗಂಟೆಯಲ್ಲಿ ಒಂದೊಂದು ತಂಡದಿಂದ ಸರಾಸರಿ ಅರ್ಧ ಗೋಲು, ಒಟ್ಟು ಒಂದು. ಆಗ ಕನಿಷ್ಠ ಎರಡು ಗೋಲು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 26, ನೂರನ್ನು ಅದರಿಂದ ಭಾಗಿಸಿದರೆ ನ್ಯಾಯವಾದ ದರ 3.8. ಈಗ ಕಾರ್ಡ್ ಬಿತ್ತು. ಹನ್ನೊಂದು ಜನರ ತಂಡದ ಗೋಲಿನ ವೇಗ ಕಾಲು ಭಾಗ ಏರಿತು, ಹತ್ತು ಜನರದ್ದು ಮೂರನೇ ಒಂದು ಭಾಗ ಇಳಿಯಿತು ಅನ್ನೋಣ. 0.5 ಹೋಗಿ 0.63 ಆಯ್ತು, ಇನ್ನೊಂದು 0.5 ಹೋಗಿ 0.33. ಕೂಡಿದರೆ 0.96. ಅಂದರೆ ಒಟ್ಟು ಗೋಲು ಹೆಚ್ಚಾಗಲೇ ಇಲ್ಲ, ಚೂರು ಕಮ್ಮಿಯೇ ಆಯ್ತು! ನ್ಯಾಯವಾದ ದರ 4ಕ್ಕೆ ಹೋಗಬೇಕಿತ್ತು. ಇವನಿಗೆ ಸಿಕ್ಕಿದ್ದು 3.40. ಹಾಕಿದ ಪ್ರತಿ ನೂರಕ್ಕೆ ಸರಾಸರಿ 85 ರೂಪಾಯಿ ವಾಪಸ್, ಅಷ್ಟೇ. ಅವನಂಥವರು ‘ಓವರ್’ ಕಡೆಗೇ ಓಡುತ್ತಾರೆ ಅಂತ ದರ ಕಟ್ಟುವವರಿಗೂ ಗೊತ್ತಲ್ವಾ.

ಕಾರ್ಡಿನ ಹೊಡೆತ ಬೀಳುವುದು ಯಾರು ಗೆಲ್ಲುತ್ತಾರೆ ಅನ್ನುವ ದರಕ್ಕೆ. ಇದೇ ಲೆಕ್ಕದಲ್ಲಿ ಮನೆ ತಂಡದ ಗೆಲುವು 3.7ರಿಂದ 2.7ಕ್ಕೆ ಇಳಿಯುತ್ತದೆ, ಹೊರಗಿನ ತಂಡದ್ದು 6ಕ್ಕೆ ಹಾರುತ್ತದೆ. ಅದೇ ನಿಮಿಷದಲ್ಲಿ ಮನೆ ತಂಡದ ಗೋಲು ಬಿದ್ದಿದ್ದರೆ ಕಥೆಯೇ ಬೇರೆ. ಗೆಲುವಿನ ದರ 1.4ರ ಹತ್ತಿರ, ‘ಓವರ್ 1.5’ಗೆ ಇನ್ನೊಂದೇ ಗೋಲು ಸಾಕು, ಹಾಗಾಗಿ ಅದೂ 1.6ಕ್ಕೆ ಕುಸಿಯುತ್ತದೆ. ಗೋಲು ಎರಡೂ ದರಗಳನ್ನು ಅಲ್ಲಾಡಿಸುತ್ತದೆ, ಕಾರ್ಡ್ ಮುಖ್ಯವಾಗಿ ಒಂದನ್ನು ಮಾತ್ರ.

ಒಂದು ಮಾತು: ತಂಡಗಳು ಸಮಬಲವಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ದುರ್ಬಲ ತಂಡಕ್ಕೆ ಕಾರ್ಡ್ ಬಿದ್ದರೆ ಗೋಲು ನಿಜವಾಗಿಯೂ ಸ್ವಲ್ಪ ಜಾಸ್ತಿ ಆಗಬಹುದು. ಬಲಿಷ್ಠ ತಂಡಕ್ಕೆ ಬಿದ್ದರೆ ಚೆನ್ನಾಗಿಯೇ ಕಮ್ಮಿ ಆಗುತ್ತದೆ. ಇನ್ನು ಕಾರ್ಡ್ ಎಂಬತ್ತನೇ ನಿಮಿಷದಲ್ಲಿ ಬಂದರೆ ಅದನ್ನು ಬಳಸಿಕೊಳ್ಳಲು ಸಮಯವೇ ಇರುವುದಿಲ್ಲ. ಆಗಲೂ 0-0 ಇದ್ದರೆ ಡ್ರಾ ಸಾಧ್ಯತೆ ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲೇ ನಿಂತಿರುತ್ತದೆ.

ಇನ್ನೊಂದು, ಅವನ ಮೊಬೈಲ್‌ನಲ್ಲಿ ಆಟ ಮೈದಾನಕ್ಕಿಂತ ಎಷ್ಟೋ ಸೆಕೆಂಡು ಹಿಂದೆ ಓಡುತ್ತಿತ್ತು. ಅವನು ಕಾರ್ಡ್ ನೋಡುವಷ್ಟರಲ್ಲಿ ಆ್ಯಪ್ ದರವನ್ನು ತಡೆದು, ಹೊಸದು ಕಟ್ಟಿ, ಮತ್ತೆ ತೆರೆದಾಗಿತ್ತು. ‘ದರ ಬದಲಾದರೂ ಒಪ್ಪಿಗೆ’ ಅನ್ನುವ ಡಬ್ಬಿಗೆ ಮೊದಲೇ ಟಿಕ್ ಬೇರೆ ಇತ್ತು. ದುಡ್ಡಿಟ್ಟು ಆಡುವ ಇಂಥ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ ಅಂತ ಹೇಳಿದರೆ, "ಲಿಂಕ್ ಇನ್ನೂ ಓಪನ್ ಆಗುತ್ತಲ್ಲ" ಅಂದ.