ಬೋರ್ಡೋ ದ್ರಾವಣ ಹೇಳಿಕೊಡಲು ಒಂದು ನಿಮಿಷದ ವಿಡಿಯೋ ಸಾಕೇ, ಲೇಖನವೇ ಬೇಕೇ?

ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ ಹತ್ತಿರ ಬಂದಾಗ ತೋಟಗಾರಿಕೆ ಗೊತ್ತಿರುವವರ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಕಲಸುವುದು ಹೇಗೆ? ಒಮ್ಮೆ ಸರಿಯಾಗಿ ಹೇಳಿಟ್ಟರೆ ಸಾಕಲ್ಲ ಎನ್ನಿಸುತ್ತದೆ, ಆದರೆ ವಾರಕ್ಕೆ ಸಿಗುವುದು ಮೂರು ನಾಲ್ಕು ಗಂಟೆ. ವಿಡಿಯೋ, ಬರಹ ಎರಡನ್ನೂ ಮಾಡಲು ಅದು ಸಾಲದು. ಶೇ. 1ರ ಬೋರ್ಡೋ ದ್ರಾವಣವನ್ನು ಎರಡೂ ರೀತಿಯಲ್ಲಿ ಹೇಳಿ ನೋಡಿದಾಗ ಕಂಡದ್ದು ಇಲ್ಲಿದೆ.

ಮೊದಲು ಹೇಳಬೇಕಾದ ವಿಷಯ ಎಷ್ಟಿದೆ ನೋಡಿ. 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. 1 ಕೆಜಿ ಒಳ್ಳೆಯ ಸುಟ್ಟ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಪೂರ್ತಿ ತಣಿದ ಮೇಲೆ ಸೋಸಿ, ಇನ್ನೊಂದು 50 ಲೀಟರ್ ಮಾಡಿಕೊಳ್ಳಬೇಕು. ಪಾತ್ರೆ ಪ್ಲಾಸ್ಟಿಕ್ಕಿನದು ಅಥವಾ ಮಣ್ಣಿನದು, ಕಬ್ಬಿಣ ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಬಿಡದೆ ಕದಡಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹೊಯ್ದರೆ ಕಣ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ, ನಾಝಲ್ ಕಟ್ಟುತ್ತದೆ, ಗೊನೆಗೂ ಚೆನ್ನಾಗಿ ಹಿಡಿಯುವುದಿಲ್ಲ. ಕೊನೆಗೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಕಾಯಿ, ಹಿಂಗಾರ ಸುಡುತ್ತದೆ. ಕೆಂಪು ಹತ್ತುವುದು ನಿಲ್ಲುವ ತನಕ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು.

ಇದನ್ನು 60 ಸೆಕೆಂಡಿಗೆ ಇಳಿಸಲು ಕೂತರೆ ಲೆಕ್ಕ ತಕ್ಷಣ ಬಿಗಿಯಾಗುತ್ತದೆ. ಕೇಳುವವರಿಗೆ ಅರ್ಥವಾಗುವ ವೇಗದಲ್ಲಿ ಮಾತಾಡಿದರೆ ನಿಮಿಷಕ್ಕೆ ಕನ್ನಡದ ನೂರು, ನೂರಿಪ್ಪತ್ತು ಪದ ಹಿಡಿಸುತ್ತದೆ. ಮೇಲಿನ ಪ್ಯಾರಾವನ್ನೇ ಓದಿದರೂ ಅದರ ಗಡಿ ತುಂಬುತ್ತದೆ. ಯೂಟ್ಯೂಬ್ ಶಾರ್ಟ್ಸ್‌ನ ಮಿತಿ 2024ರ ಅಕ್ಟೋಬರಿನಲ್ಲಿ ಮೂರು ನಿಮಿಷಕ್ಕೆ ಏರಿದೆ ನಿಜ. ಆದರೆ ಹಾಗೆಂದು ಮೂರು ನಿಮಿಷವನ್ನೂ ಬಳಸಿದರೆ ಮುಖ್ಯವಾದ ಕತ್ತಿಯ ಪರೀಕ್ಷೆ ಕೊನೆಗೆ ಬರುತ್ತದೆ, ಅಷ್ಟರಲ್ಲಿ ನೋಡುವವರು ಬೆರಳಾಡಿಸಿ ಮುಂದೆ ಹೋಗಿರುತ್ತಾರೆ. ಕೆಲಸವೂ ಕಡಿಮೆಯಲ್ಲ. ಮಾತು ಬರೆದುಕೊಳ್ಳುವುದು, ಎರಡು ಡ್ರಮ್ ಸಿದ್ಧ ಮಾಡಿ ಚಿತ್ರೀಕರಣ, ಕತ್ತರಿಸುವುದು, ಪರದೆಯ ಮೇಲೆ ಅಕ್ಷರ ಕೂರಿಸುವುದು ಎಲ್ಲ ಸೇರಿ ಮೂರು ಗಂಟೆ ಹಿಡಿಯುತ್ತದೆ. ಚಿಕ್ಕದು ಎಂದರೆ ಬೇಗ ಆಗುವಂಥದ್ದು ಎಂದುಕೊಂಡರೆ ತಪ್ಪು.

ವಿಡಿಯೋ ನಿಜವಾಗಿ ಗೆಲ್ಲುವುದು ಮೂರು ಕಡೆ: ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಎನ್ನುವುದರಲ್ಲಿ, ದ್ರಾವಣದ ಆಕಾಶ ನೀಲಿ ಬಣ್ಣದಲ್ಲಿ, ಕತ್ತಿಗೆ ಹತ್ತುವ ಕೆಂಪಿನಲ್ಲಿ. ‘ತಾಮ್ರದ ಲೇಪ’ ಎಂದು ಎಷ್ಟು ಬರೆದರೂ ಮೊದಲ ಸಲ ನೋಡುವವನಿಗೆ ಅದು ತುಕ್ಕಿನಂತೆಯೇ ಕಾಣುತ್ತದೆ. ಎರಡು ಕತ್ತಿಯನ್ನು ಪಕ್ಕಪಕ್ಕ ಹಿಡಿದು ಐದು ಸೆಕೆಂಡ್ ತೋರಿಸಿದರೆ ಆ ಗೊಂದಲ ಮುಗಿಯಿತು. ಆದರೆ ಅಕ್ಷರಗಳನ್ನು ಪರದೆಯ ಕೆಳಭಾಗದಲ್ಲಿ ಹಾಕಬೇಡಿ. ಅಲ್ಲಿ ಶೀರ್ಷಿಕೆ ಕೂರುತ್ತದೆ, ಬಲ ಅಂಚಿನಲ್ಲಿ ಗುಂಡಿಗಳು. ಅಳತೆ ಮಧ್ಯಕ್ಕಿಂತ ಸ್ವಲ್ಪ ಮೇಲೆ, ಕನಿಷ್ಠ ನಾಲ್ಕು ಸೆಕೆಂಡ್ ನಿಲ್ಲಬೇಕು.

ಸೋಲುವುದು ‘ಆದರೆ’ ಎಂಬ ಮಾತು ಬರುವಲ್ಲಿ. ಉದಾಹರಣೆಗೆ ಡ್ರಮ್. ವಿಡಿಯೋದಲ್ಲಿ ‘ಒಂದು ಕೆಜಿ, ಒಂದು ಕೆಜಿ, ನೂರು ಲೀಟರ್’ ಎಂದು ಹೇಳಿರುತ್ತದೆ. ತೋಟದಲ್ಲಿರುವುದು 200 ಲೀಟರಿನ ಬ್ಯಾರಲ್. ‘ಒಂದು, ಒಂದು’ ನೆನಪಿರುತ್ತದೆ, ನೂರು ಮರೆಯುತ್ತದೆ. ಬ್ಯಾರಲ್ ತುಂಬ ನೀರು ಹಿಡಿದರೆ ಔಷಧಿ ಅರ್ಧ ಶಕ್ತಿಯದ್ದಾಯಿತು. ಬಣ್ಣ ಕೊಂಚ ತೆಳು, ಅಷ್ಟೇ. ಕತ್ತಿಯ ಪರೀಕ್ಷೆಯಲ್ಲಿಯೂ ಪಾಸಾಗುತ್ತದೆ, ಏಕೆಂದರೆ ಎರಡರ ಪ್ರಮಾಣ ಸಮವೇ ಇದೆ. ತಪ್ಪು ಗೊತ್ತಾಗುವುದು ಮಳೆಯಲ್ಲಿ ಕಾಯಿ ಉದುರಿದಾಗ. ಇನ್ನೊಂದು, ಸುಣ್ಣ. ಗಾಳಿಯಾಡುವ ಚೀಲದಲ್ಲಿ ತಿಂಗಳುಗಟ್ಟಲೆ ಕೂತ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಸತ್ವ ಕಳೆದುಕೊಂಡಿರುತ್ತದೆ. ತೂಕಕ್ಕೆ ಒಂದು ಕೆಜಿ, ಕೆಲಸಕ್ಕೆ ಮುಕ್ಕಾಲೂ ಇರಲಿಕ್ಕಿಲ್ಲ. ಈ ಎರಡನ್ನು ವಿಡಿಯೋಗೆ ತುರುಕಿದರೆ ಮೂಲ ವಿಧಾನವೇ ಹೊರಗೆ ಬೀಳುತ್ತದೆ.

ತಿದ್ದುವ ವಿಷಯದಲ್ಲಿ ವಿಡಿಯೋ ಇನ್ನೂ ಕಷ್ಟ. ಯೂಟ್ಯೂಬಿಗೆ ಏರಿಸಿದ ವಿಡಿಯೋದ ತುಣುಕು ಕತ್ತರಿಸಬಹುದು, ಅದೇ ಕೊಂಡಿಯಲ್ಲಿ ಹೊಸ ವಿಡಿಯೋ ಕೂರಿಸಲಾಗದು. ವಾಟ್ಸ್ಯಾಪ್‌ನಲ್ಲಿ ಊರೂರು ಸುತ್ತುತ್ತಿರುವ ಪ್ರತಿ ಯಾರ ಕೈಗೂ ಸಿಗದು. ‘ವಿವರ ಲೇಖನದಲ್ಲಿ ಓದಿ’ ಎಂದು ಕೊಂಡಿ ಕೊಡುವ ದಾರಿಯೂ ಇಲ್ಲ: ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟಿನ ಕೊಂಡಿಗಳನ್ನು 2023ರ ಆಗಸ್ಟ್ 31ರಿಂದ ಒತ್ತಿ ತೆರೆಯಲಾಗುವುದಿಲ್ಲ.

ಲೇಖನದ ಮೊದಲ ಕರಡಿಗೆ ಐದಾರು ಗಂಟೆ ಬೇಕು, ಅಂದರೆ ಎರಡು ವಾರದ ಬಿಡುವು. ಆದರೆ ಅದು ಮುಗಿದ ಮೇಲೆ ಪ್ರತಿ ಹೊಸ ಪ್ರಶ್ನೆಗೆ ಒಂದು ಸಾಲು ಸೇರಿಸಿದರೆ ಸಾಕು, ಹತ್ತು ನಿಮಿಷದ ಕೆಲಸ. ಬರುವ ಫೋನುಗಳ ಸ್ವರೂಪವೇ ಬೇರೆಯಾಗುತ್ತದೆ. ವಿಡಿಯೋ ನೋಡಿದವರು ‘ಎಷ್ಟು ಕೆಜಿ ಅಂದ್ರಿ?’ ಎಂದು ಕೇಳುತ್ತಾರೆ. ಲೇಖನ ಓದಿದವರು ‘ಚಿಪ್ಪಿನ ಸುಣ್ಣ ಆಗ್ತದಾ, ರಾಳದ ಅಂಟು ಯಾವಾಗ ಸೇರಿಸಬೇಕು?’ ಎಂದು ಮುಂದಿನದನ್ನು ಕೇಳುತ್ತಾರೆ. ಹೇಳಿದ್ದೇ ಹೇಳುವ ಶ್ರಮ ಉಳಿಯುವುದು ಎರಡನೆಯದರಲ್ಲಿ.

ಲೇಖನ ಕೆಡುವ ಜಾಗಗಳೂ ಇವೆ. ಕೊಳೆರೋಗದ ಇತಿಹಾಸದಿಂದ ಶುರು ಮಾಡಿದರೆ ಡ್ರಮ್ ಪಕ್ಕ ನಿಂತವನು ಅಳತೆಗೆ ತಲುಪುವುದೇ ಇಲ್ಲ. ಅಳತೆ ಫೋನಿನ ಮೊದಲ ಪರದೆಯಲ್ಲೇ ಇರಬೇಕು, ‘ಮೈಲುತುತ್ತ, ಸುಣ್ಣ 100 ಲೀಟರಿಗೆ ತಲಾ 1 ಕೆಜಿ, 200 ಲೀಟರ್ ಬ್ಯಾರಲಿಗೆ ತಲಾ 2 ಕೆಜಿ’ ಎಂದು ಒಂದೇ ವಾಕ್ಯದಲ್ಲಿ. ಜನ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದೇ ಹೆಚ್ಚು, ಮುಂದಿನ ಪ್ಯಾರಾದಲ್ಲಿ ಬರೆದ ಎಚ್ಚರಿಕೆ ಅದರಲ್ಲಿ ಬರುವುದಿಲ್ಲ. ಹುಡುಕುವವರು ಬೋರ್ಡೋ, ಬೋರ್ಡೊ, ಮೈಲುತುತ್ತ, ಮೈಲುತುತ್ತು, ಕೊಳೆ ಮದ್ದು ಎಂದೆಲ್ಲ ಹುಡುಕುತ್ತಾರೆ, ಕೆಲವರು `koleroga` ಎಂದೇ ಟೈಪ್ ಮಾಡುತ್ತಾರೆ. ಇವೆಲ್ಲ ಬರಹದಲ್ಲಿ ಸಹಜವಾಗಿ ಒಮ್ಮೆಯಾದರೂ ಬರಲಿ. ಕತ್ತಿಯ ಕೆಂಪಿಗೆ ಎರಡು ಫೋಟೋ ಹಾಕಿದರೆ ವಿಡಿಯೋದ ದೊಡ್ಡ ಲಾಭದಲ್ಲಿ ಅರ್ಧ ಇಲ್ಲೇ ಸಿಕ್ಕಂತೆ.

ಓದುವ ಅಭ್ಯಾಸವಿಲ್ಲದ ಔಷಧಿ ಹೊಡೆಯುವ ಕೊನೆಗಾರರಿಗೆ ಇದು ತಲುಪುವುದಿಲ್ಲ ಎಂಬ ಆಕ್ಷೇಪ ನಿಜ. ಆದರೆ ಸಾಮಾನ್ಯವಾಗಿ ಮೈಲುತುತ್ತ ತೂಗಿ ಕೊಡುವವರು ತೋಟದವರು, ಅವರು ಓದಿದರೆ ಅಳತೆ ಸರಿಯಾಗುತ್ತದೆ. ಹಾಗಾಗಿ ಒಂದನ್ನೇ ಆರಿಸಬೇಕೆಂದರೆ ಬೋರ್ಡೋ ದ್ರಾವಣಕ್ಕೆ ಲೇಖನವೇ. ಅಳತೆ, ಕ್ರಮ, ‘ಆದರೆ’ಗಳು ಜಾಸ್ತಿ ಇರುವ ಯಾವ ಮದ್ದಿಗೂ ಇದೇ ಮಾತು. ಬದಲಿಗೆ ನಿಮ್ಮ ಪರಿಣತಿ ದೋಟಿ ಹಿಡಿಯುವುದು, ಗೊನೆಗೆ ಎಲ್ಲ ಬದಿಯಿಂದ ಔಷಧಿ ತಾಗಿಸುವುದು, ಕೊಳೆಯ ಮೊದಲ ನೀರು ಕಲೆ ಗುರುತಿಸುವುದು ಇಂಥದ್ದಾದರೆ ಬರೆಯಲು ಕೂರಬೇಡಿ, ಕ್ಯಾಮೆರಾ ತೆಗೆಯಿರಿ.

ಲೇಖನವನ್ನು ಏಪ್ರಿಲ್ ಮುಗಿಯುವುದರೊಳಗೆ ಹಾಕುವುದು ಒಳ್ಳೆಯದು. ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ. ಆ ನಡುವಿನ ಅವಧಿಯಲ್ಲಿ ಬಂದ ಪ್ರಶ್ನೆಗಳನ್ನು ನೋಡಿ ಎರಡನೇ ಸಿಂಪಡಣೆಗೆ ಮೊದಲು ಅದೇ ಪುಟವನ್ನು ತಿದ್ದಬಹುದು.