ಕಳೆದ ಫೋನ್, ಕಳೆದ ಬ್ಯಾಗ್: ಎರಡರ ವೃತ್ತವನ್ನೂ ಒಂದೇ ರೀತಿ ಓದಬಾರದು

ಕಳೆದುಹೋದ ಫೋನನ್ನು ನಕ್ಷೆಯಲ್ಲಿ ಹುಡುಕಿದಾಗಲೂ ಬ್ಯಾಗಿಗೆ ಸಿಕ್ಕಿಸಿದ ಟ್ಯಾಗನ್ನು ಹುಡುಕಿದಾಗಲೂ ತೆರೆಯ ಮೇಲೆ ಕಾಣುವುದು ಒಂದು ಚುಕ್ಕೆ ಮತ್ತು ಅದರ ಸುತ್ತ ಒಂದು ತೆಳು ಬಣ್ಣದ ವೃತ್ತ. ನೋಡಲು ಒಂದೇ ಬಗೆಯಾಗಿದ್ದರೂ ಈ ಎರಡು ವೃತ್ತಗಳು ಹೇಳುವ ಮಾತು ಬೇರೆ ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು ಒಂದೇ ಬ್ಯಾಗಿನಲ್ಲಿ ಹಳೆಯ ಆಂಡ್ರಾಯ್ಡ್ ಫೋನನ್ನೂ ಒಂದು ಬ್ಲೂಟೂತ್ ಟ್ಯಾಗನ್ನೂ ಇಟ್ಟು, ಬೇಕೆಂದೇ ಬೇರೆ ಬೇರೆ ಜಾಗಗಳಲ್ಲಿ ಬಿಟ್ಟು ಹುಡುಕಿದಾಗ.

ಫೋನು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕುತ್ತದೆ. ಆಕಾಶ ಕಾಣುವಂತಿದ್ದರೆ ಜಿಪಿಎಸ್‌ನಿಂದ, ಒಳಾಂಗಣದಲ್ಲಿ ಸುತ್ತಲಿನ ವೈಫೈಗಳಿಂದ, ಅದೂ ಇಲ್ಲದಿದ್ದರೆ ಮೊಬೈಲ್ ಟವರಿನಿಂದ. ವೃತ್ತವು ಮೊದಲನೆಯದರಲ್ಲಿ ಕೆಲವೇ ಮೀಟರು, ಎರಡನೆಯದರಲ್ಲಿ ಹತ್ತಾರು ಮೀಟರು, ಮೂರನೆಯದರಲ್ಲಿ ನೂರಾರು ಮೀಟರಿನಿಂದ ಕಿಲೋಮೀಟರುಗಳವರೆಗೆ ಇರುತ್ತದೆ. ಆದ್ದರಿಂದ ವೃತ್ತದ ಗಾತ್ರವನ್ನು ನೋಡಿಯೇ ಫೋನು ಯಾವ ದಾರಿಯಿಂದ ಉತ್ತರ ಕೊಟ್ಟಿದೆ ಎಂದು ಹೆಚ್ಚುಕಡಿಮೆ ಊಹಿಸಬಹುದು. ಟ್ಯಾಗಿನಲ್ಲಿ ಜಿಪಿಎಸ್ ಇರುವುದಿಲ್ಲ. ಅದು ಬ್ಲೂಟೂತ್ ಮೂಲಕ ತನ್ನ ಗುರುತನ್ನು ಬಿತ್ತರಿಸುತ್ತಿರುತ್ತದೆ, ಪಕ್ಕದಲ್ಲಿ ಹಾದುಹೋಗುವ ಅಪರಿಚಿತರೊಬ್ಬರ ಫೋನು ಅದನ್ನು ಕೇಳಿಸಿಕೊಂಡು ತನ್ನ ಸ್ಥಾನವನ್ನು ಜಾಲಕ್ಕೆ ತಿಳಿಸುತ್ತದೆ. ಅಂದರೆ ಟ್ಯಾಗಿನ ಚುಕ್ಕೆ ಬ್ಯಾಗಿನದಲ್ಲ, ಹಾದುಹೋದವರದು. ಅದರ ಸುತ್ತಲಿನ ವೃತ್ತವನ್ನೂ ಹಾದುಹೋದವರ ಫೋನಿನ ಅಂದಾಜೆಂದೇ ಓದಬೇಕು. ಅವರಿಗೂ ಬ್ಯಾಗಿಗೂ ನಡುವಿನ ಅಂತರವನ್ನು ನಾವೇ ಸೇರಿಸಿಕೊಳ್ಳಬೇಕು.

ಬಯಲಿನ ಬೆಂಚಿನ ಮೇಲೆ ಇಟ್ಟಾಗ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಚುಕ್ಕೆಗಳು ಬೆಂಚಿನ ಆಸುಪಾಸಿನಲ್ಲೇ ಬಿದ್ದವು. ನಿಜವಾದ ಹೋಲಿಕೆ ಶುರುವಾದದ್ದು ಬ್ಯಾಗನ್ನು ಒಂದು ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ, ರಸ್ತೆಯ ಬದಿಯ ಗೋಡೆಗೆ ಹತ್ತಿರದ ಕುರ್ಚಿಯ ಕೆಳಗೆ ಇಟ್ಟಾಗ.

ಫೋನು ಮೊದಲು ಕೊಟ್ಟ ಉತ್ತರದಲ್ಲಿ ವೃತ್ತವು ಅರ್ಧ ಬಡಾವಣೆಯನ್ನೇ ಆವರಿಸಿತ್ತು. ಇದನ್ನು ನಂಬಿ ಹೊರಟುಬಿಡಬಾರದು. ನಿಷ್ಕ್ರಿಯವಾಗಿದ್ದ ಫೋನು ಮೊದಲು ಕೈಗೆ ಸಿಕ್ಕ ಒರಟು ಅಂದಾಜನ್ನು ಕಳಿಸಿ, ಉತ್ತಮವಾದದ್ದನ್ನು ಆಮೇಲೆ ಕಳಿಸುವುದುಂಟು. ಒಂದೆರಡು ನಿಮಿಷ ಬಿಟ್ಟು ಮತ್ತೆ ಕೇಳಿದಾಗ ವೃತ್ತದ ತ್ರಿಜ್ಯ 35 ಮೀಟರಿಗೆ ಇಳಿಯಿತು. ಅದರ ಕೇಂದ್ರ ಕಟ್ಟಡದ ಹಿಂದಿನ ಅಂಗಳದಲ್ಲಿತ್ತು, ಬ್ಯಾಗು ಅಲ್ಲಿಂದ 22 ಮೀಟರ್ ದೂರದಲ್ಲಿ, ವೃತ್ತದ ಒಳಗೇ ಇತ್ತು. ಕೇಂದ್ರದಲ್ಲೇ ವಸ್ತು ಇರಬೇಕೆಂದು ಅಂಗಳದಲ್ಲಿ ಹುಡುಕಿದ್ದರೆ ಬರಿಗೈಯಲ್ಲಿ ಮರಳಬೇಕಾಗುತ್ತಿತ್ತು. ಇನ್ನೂ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು: ವೃತ್ತದ ಗೆರೆ ಬೇಲಿಯಲ್ಲ. ಆಂಡ್ರಾಯ್ಡ್‌ನಲ್ಲಿ ಈ ತ್ರಿಜ್ಯಕ್ಕೆ ಕೊಟ್ಟಿರುವ ಅರ್ಥವೇ ಶೇಕಡಾ 68ರ ಭರವಸೆ, ಅಂದರೆ ಸುಮಾರು ಮೂರರಲ್ಲಿ ಒಂದು ಸಲ ವಸ್ತು ಗೆರೆಯ ಆಚೆ ಇರುವುದು ಸಹಜ. ನಾನು ಫೋನಿಗಾಗಿ ಬರೆದಿಟ್ಟುಕೊಂಡ 14 ಅಳತೆಗಳಲ್ಲಿ ಐದು ಹೊರಗೆ ಬಿದ್ದಿದ್ದವು. ಹಾಗಾಗಿ ವೃತ್ತದೊಳಗೆ ಸಿಗದಿದ್ದರೆ ತ್ರಿಜ್ಯವನ್ನು ಎರಡರಷ್ಟು ಮಾಡಿ ಹುಡುಕುತ್ತೇನೆ. ಆದರೆ ತ್ರಿಜ್ಯ ಎರಡರಷ್ಟಾದರೆ ಹುಡುಕುವ ಜಾಗ ನಾಲ್ಕರಷ್ಟಾಗುತ್ತದೆ ಎಂಬುದು ನೆನಪಿರಬೇಕು.

ಟ್ಯಾಗಿನ ವಿಷಯದಲ್ಲಿ ಒಂದು ಗಂಟೆಯೊಳಗೆ ಮೂರು ವರದಿಗಳು ಬಂದವು. ಆ್ಯಪು ಕಡೆಯದನ್ನು ಮಾತ್ರ ತೋರಿಸುತ್ತಿದ್ದುದರಿಂದ ಪ್ರತಿಯೊಂದನ್ನೂ ಸಮಯದ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿತು. 11:06 ಮತ್ತು 11:19ರ ಚುಕ್ಕೆಗಳು ಎರಡೂ ರಸ್ತೆಯ ಮೇಲೆ ಬಿದ್ದಿದ್ದವು, ತ್ರಿಜ್ಯ 8 ಮತ್ತು 12 ಮೀಟರ್. ಬ್ಯಾಗು ಅವುಗಳಿಂದ 18 ಮತ್ತು 21 ಮೀಟರ್ ದೂರದಲ್ಲಿತ್ತು, ಅಂದರೆ ಎರಡು ವೃತ್ತಗಳಲ್ಲೂ ಬ್ಯಾಗು ಇರಲಿಲ್ಲ. ಚಿಕ್ಕ, ಅಂದವಾದ ವೃತ್ತವೇ ದಾರಿ ತಪ್ಪಿಸುವುದು ಇಂಥಲ್ಲಿ. ಗೋಡೆಯ ಆಚೆಯಿಂದ ಬ್ಲೂಟೂತ್ ಕೇಳಿಸುವ ದೂರಕ್ಕಾಗಿ ನಾನು 15 ಮೀಟರ್ ಸೇರಿಸಿ 23 ಮತ್ತು 27 ಮೀಟರಿನ ವೃತ್ತಗಳನ್ನು ಕಾಗದದ ಮೇಲೆ ಬರೆದೆ. ಈಗ ಬ್ಯಾಗು ಎರಡರೊಳಗೂ ಬಂತು. ಆದರೆ ರಸ್ತೆಯ ಎದುರು ಬದಿಯ ಕಟ್ಟಡವೂ ಅಷ್ಟೇ ನ್ಯಾಯವಾಗಿ ಒಳಗೆ ಬಂತು.

ಬದಿಯನ್ನು ತೀರ್ಮಾನಿಸಿದ್ದು 11:41ರ ಮೂರನೆಯ ವರದಿ. ಅದು ಗ್ರಂಥಾಲಯದ ಒಳಗೆ ಕುಳಿತಿದ್ದ ಯಾರದೋ ಫೋನಿನಿಂದ ಬಂದಿರಬೇಕು, ಏಕೆಂದರೆ ಕೇಂದ್ರ ಕಟ್ಟಡದ ನಡುವೆ ಇತ್ತು ಮತ್ತು ತ್ರಿಜ್ಯ ಒಳಾಂಗಣಕ್ಕೆ ತಕ್ಕಂತೆ 28 ಮೀಟರಿಗೆ ಹಿಗ್ಗಿತ್ತು. 15 ಸೇರಿಸಿದರೆ 43. ಎದುರು ಬದಿಯ ಕಟ್ಟಡ ಆ ಕೇಂದ್ರದಿಂದ ಸುಮಾರು 50 ಮೀಟರ್ ದೂರ, ಗ್ರಂಥಾಲಯದ ಮುಂಭಾಗ 14 ಮೀಟರ್. ಮೂರರಲ್ಲಿ ಅತ್ಯಂತ ದೊಡ್ಡದಾದ, ಒಂಟಿಯಾಗಿ ನೋಡಿದರೆ ಅತ್ಯಂತ ಅಸ್ಪಷ್ಟವಾದ ವೃತ್ತವೇ ಉಳಿದೆರಡರ ಜೊತೆ ಸೇರಿ ಬ್ಯಾಗು ಗ್ರಂಥಾಲಯದ ರಸ್ತೆಬದಿಯ ಪಟ್ಟಿಯಲ್ಲಿರುವ ಸಾಧ್ಯತೆಯೇ ಹೆಚ್ಚೆಂದು ತೋರಿಸಿಕೊಟ್ಟಿತು. ಮೂರು ವರದಿಗಳ ನಡುವೆ ವಸ್ತು ಕದಲಿಲ್ಲ ಎಂದಾದಾಗ ಮಾತ್ರ ಈ ಲೆಕ್ಕ ಒಪ್ಪುತ್ತದೆ.

ಮಹಡಿಯನ್ನು ಎರಡೂ ಹೇಳಲಿಲ್ಲ, ವೃತ್ತಕ್ಕೆ ಎತ್ತರವೇ ಇಲ್ಲ. ಅದಕ್ಕೆ ಸದ್ದು ಮಾಡಿಸುವುದೇ ದಾರಿ, ಮತ್ತು ಇಲ್ಲಿ ಫೋನಿನದು ಮೇಲುಗೈ: ಇಂಟರ್ನೆಟ್ ಇದ್ದರೆ ಸೈಲೆಂಟಿನಲ್ಲಿದ್ದರೂ ದೂರದಿಂದಲೇ ಪೂರ್ಣ ದನಿಯಲ್ಲಿ ರಿಂಗ್ ಮಾಡಿಸಬಹುದು. ನನ್ನ ಟ್ಯಾಗು ನಾನು ಬ್ಲೂಟೂತ್ ಅಳವಿಗೆ ಬಂದ ಮೇಲೆಯೇ ಸದ್ದು ಮಾಡಿತು, ಅದೂ ಮೊದಲನೆಯ ಮಹಡಿಯಲ್ಲಿ ಕೇಳಿಸದೆ ಎರಡನೆಯದರಲ್ಲಿ ಕೇಳಿಸಿತು.

ಜನಸಂಚಾರವಿಲ್ಲದ ಕಾಲುದಾರಿಯಲ್ಲಿ ಇಟ್ಟಾಗ ಟ್ಯಾಗಿನಿಂದ ಇಡೀ ಮಧ್ಯಾಹ್ನ ಒಂದೂ ವರದಿ ಬರಲಿಲ್ಲ. ಗೂಗಲ್‌ನ ಜಾಲ ಬಳಸುವವರು ಇಲ್ಲಿ ಒಂದು ಸೆಟ್ಟಿಂಗ್ ಗಮನಿಸಬೇಕು. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ With network in high-traffic areas only ಎಂಬ ಆಯ್ಕೆಯಲ್ಲಿರುತ್ತವೆ, ಆಗ ಹಲವು ಫೋನುಗಳ ವರದಿ ಸೇರಿದ ಮೇಲೆಯೇ ಸ್ಥಾನ ತೋರುತ್ತದೆ. With network in all areas ಆರಿಸಿದವರ ಫೋನು ಒಂಟಿಯಾಗಿಯೂ ನೆರವಾಗಬಲ್ಲದು.

ಕಡೆಯ ಪ್ರಯೋಗದಲ್ಲಿ ಸ್ನೇಹಿತರೊಬ್ಬರು ಬ್ಯಾಗನ್ನು ಬಸ್ಸಿನಲ್ಲಿ ಒಯ್ದು, ಹೊರಟ ಸ್ವಲ್ಪ ಹೊತ್ತಿಗೆ ಫೋನನ್ನು ಆಫ್ ಮಾಡಿದರು. ನನಗೆ ಕಂಡದ್ದು 7 ಮೀಟರಿನ ಸುಂದರ ವೃತ್ತ, ಕೆಳಗೆ 20 ನಿಮಿಷದ ಹಿಂದಿನ ಸಮಯ. ಆ ವೃತ್ತ ಅಳತೆ ಮಾಡಿದ ಕ್ಷಣದ ಅಂದಾಜು ಮಾತ್ರ, ಸಮಯ ಕಳೆದಂತೆ ಅದು ತಾನಾಗಿ ಹಿಗ್ಗುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ 10 ಕಿಲೋಮೀಟರ್ ಹೋಗಿರುತ್ತದೆ. ಟ್ಯಾಗು ಬಸ್ಸಿನೊಳಗಿನ ಪ್ರಯಾಣಿಕರ ಫೋನುಗಳ ದೆಸೆಯಿಂದ ಮತ್ತೆ ಎರಡು ಕಡೆ ಕಾಣಿಸಿಕೊಂಡಿತು, ಆ ಎರಡು ಚುಕ್ಕೆಗಳೂ ಒಂದೇ ಬಸ್ ಮಾರ್ಗದ ಮೇಲಿದ್ದವು. ಅಂದಿನಿಂದ ನಾನು ಮೊದಲು ಸಮಯವನ್ನೂ ಆಮೇಲೆ ತ್ರಿಜ್ಯವನ್ನೂ ಓದುತ್ತೇನೆ. ಫೋನು ಆನ್ ಇರುವವರೆಗೆ ಫೋನನ್ನು ನಂಬುತ್ತೇನೆ, ಅದು ಆಫ್ ಆದ ಮೇಲೆ ಜನರಿರುವ ಕಡೆಯಾದರೆ ಟ್ಯಾಗನ್ನು. ವೃತ್ತವು ನಾಲ್ಕಾರು ಮನೆಗಳನ್ನು ಆವರಿಸಿದ್ದರೆ ಯಾರ ಬಾಗಿಲನ್ನೂ ತಟ್ಟದೆ, ಸಮಯವಿರುವ ಸ್ಕ್ರೀನ್‌ಶಾಟುಗಳನ್ನು ಪೊಲೀಸರಿಗೆ ಕೊಡುವುದೇ ಸರಿ ಎಂದು ನಾನು ಭಾವಿಸುತ್ತೇನೆ.