ಎರಡು ನಿಮಿಷದ ಸಂಜೆ ಡೈರಿ, ಎರಡೂವರೆ ವರ್ಷದ ಬಳಕೆಯ ನಂತರ

ಅಂಕ ಮೊದಲೇ ಹೇಳಿಬಿಡುತ್ತೇನೆ: ಬರೆಸಿಕೊಳ್ಳುವುದಕ್ಕೆ ಐದಕ್ಕೆ ನಾಲ್ಕೂವರೆ, ಬರೆದದ್ದನ್ನು ಹುಡುಕಿಕೊಡುವುದಕ್ಕೆ ಐದಕ್ಕೆ ಎರಡು. ಸಂಜೆ ಫೋನಿನಲ್ಲಿ ಸದ್ದು ಮಾಡಿ ಮೂರು ಪ್ರಶ್ನೆ ಕೇಳುವ, ಉತ್ತರಗಳನ್ನು ತಾರೀಖಿನ ಪ್ರಕಾರ ಕೂಡಿಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಅಂಥ ಒಂದು ಆ್ಯಪ್ ಒಂದೂವರೆ ವರ್ಷ, ಆಮೇಲೆ ಅವೇ ಪ್ರಶ್ನೆಗಳನ್ನು ಸಾದಾ ಟೆಕ್ಸ್ಟ್ ಫೈಲಿಗೆ ಒಯ್ದು ಒಂದು ವರ್ಷ, ಹೀಗೆ ಎರಡನ್ನೂ ಬಳಸಿ ಬರೆದ ವಿಮರ್ಶೆ ಇದು. ಡೈರಿ ಪೂರ್ತಿ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲಿ ಹೇಳುವ ಅರ್ಧ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಎರಡು ನಿಮಿಷ ಅನ್ನುವುದು ಸುಳ್ಳಲ್ಲ. ಮೂರು ಪ್ರಶ್ನೆ, ಒಂದೊಂದಕ್ಕೆ ಒಂದು ಸಾಲು, ಒಟ್ಟು ಮೂವತ್ತು ಪದದ ಆಸುಪಾಸು: ಕನ್ನಡ ಕೀಲಿಮಣೆ ರೂಢಿಯಾದವರಿಗೆ ಅಷ್ಟರಲ್ಲಿ ಮುಗಿಯುತ್ತದೆ. ಕೆಡುವುದು ನಾಲ್ಕನೆಯ ಪ್ರಶ್ನೆ ಸೇರಿದಾಗ, ಇಲ್ಲವೇ "ಫೋಟೊ ಸೇರಿಸಿ", "ಮನಸ್ಥಿತಿಗೆ ಅಂಕ ಕೊಡಿ" ಎಂಬ ಪರದೆಗಳು ನಡುವೆ ಬಂದಾಗ. ಸೆಟ್ಟಿಂಗ್ಸ್‌ಗೆ ಹೋಗಿ ಅವನ್ನೆಲ್ಲ ಮೊದಲ ದಿನವೇ ಆರಿಸಿಬಿಡಿ. ನೆನಪೋಲೆಯ ಹೊತ್ತನ್ನೂ ಮಲಗುವ ಸಮಯಕ್ಕೆ ಇಡಬೇಡಿ, ಒಂದು ಗಂಟೆ ಮುಂಚೆ ಇಡಿ. ಹಾಸಿಗೆಯಲ್ಲಿ ಕೊಡುವ ಉತ್ತರ ಒಂದೇ ಪದಕ್ಕೆ ಇಳಿಯುತ್ತದೆ, ಆ ಪದ ಬಹುಪಾಲು "ಸುಸ್ತು" ಆಗಿರುತ್ತದೆ.

ಅಸಲಿ ವಿಷಯ ಹುಡುಕಾಟದ್ದು. ಒಂದು ವರ್ಷದ ಹಿಂದಿನ ಸಂಗತಿ ಬೇಕೆಂದಾಗ ಅದು ಸಿಗುತ್ತದೋ ಇಲ್ಲವೋ ಎಂಬುದು ಬರೆದ ಸಂಜೆಯೇ ನಿರ್ಧಾರವಾಗಿರುತ್ತದೆ, ಅದನ್ನು ನಿರ್ಧರಿಸುವುದು ಪ್ರಶ್ನೆ. "ಇವತ್ತು ಹೇಗಿತ್ತು?" ಎಂದು ಕೇಳಿದರೆ ಬರುವ ಉತ್ತರ "ಚೆನ್ನಾಗಿತ್ತು", "ಪರವಾಗಿಲ್ಲ", "ಬೇಜಾರು". ಮುನ್ನೂರು ದಿನ ಹೀಗೆ ಬರೆದರೆ ಹುಡುಕಲು ಏನೂ ಉಳಿಯುವುದಿಲ್ಲ, ಯಾಕೆಂದರೆ ಯಾರೂ "ಪರವಾಗಿಲ್ಲ" ಎಂದು ಹುಡುಕುವುದಿಲ್ಲ. ಉತ್ತರದಲ್ಲಿ ನಾಮಪದ ಬರಲೇಬೇಕಾಗುವಂತೆ ಪ್ರಶ್ನೆ ಇರಬೇಕು: ಹೆಚ್ಚು ಹೊತ್ತು ತಿಂದ ಕೆಲಸ ಯಾವುದು? ಮೈಯಲ್ಲಿ ಎಲ್ಲಿ, ಏನು ತೊಂದರೆ? ನಾಳೆಗೆ ಬಿಟ್ಟದ್ದು ಏನು? ಈ ಮೂರೂ ಆ್ಯಪ್‌ನ ಪಟ್ಟಿಯಲ್ಲಿ ಇರಲಿಲ್ಲ. ಸ್ವಂತ ಪ್ರಶ್ನೆ ಸೇರಿಸಲು ಬಿಡದ ಆ್ಯಪ್ ಆದರೆ ದುಡ್ಡು ಕೊಡಬೇಡಿ.

ದಿನಕ್ಕೊಂದು ಹೊಸ ಪ್ರಶ್ನೆ ಕೊಡುತ್ತೇವೆ ಎಂಬುದು ಇಂಥ ಆ್ಯಪ್‌ಗಳ ದೊಡ್ಡ ಜಾಹೀರಾತು. ಮೊದಲ ತಿಂಗಳು ಖುಷಿ ಕೊಡುತ್ತದೆ ನಿಜ. ಆದರೆ ಪ್ರಶ್ನೆ ದಿನಾ ಬದಲಾದರೆ ಎರಡು ದಿನದ ಉತ್ತರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ. ಇನ್ನೊಂದು ಹಾಳು ಬೇಗ ಗೊತ್ತಾಗದು: ಕೆಲವು ಆ್ಯಪ್‌ಗಳು ಪ್ರಶ್ನೆಯ ಪೂರ್ತಿ ವಾಕ್ಯವನ್ನು ಉತ್ತರದ ಜೊತೆಗೇ ಉಳಿಸುತ್ತವೆ. "ಇಂದು ಯಾವ ಕೆಲಸ ನಿಮಗೆ ತೃಪ್ತಿ ತಂದಿತು?" ಎಂಬ ಪ್ರಶ್ನೆ ಅರವತ್ತು ಸಲ ಬಂದಿದ್ದರೆ, "ತೃಪ್ತಿ" ಎಂದು ಹುಡುಕಿದಾಗ ಅರವತ್ತು ಪುಟವೂ ಎದುರು ನಿಲ್ಲುತ್ತವೆ, ನೀವು ಆ ಪದ ಬರೆದ ಎರಡು ದಿನ ಅದರೊಳಗೆ ಕಳೆದುಹೋಗುತ್ತವೆ. ಪ್ರಶ್ನೆಯ ಜಾಗದಲ್ಲಿ ಒಂದೇ ಪದದ ತಲೆಪಟ್ಟಿ ಹಾಕಿದರೆ ಈ ತಾಪತ್ರಯವಿಲ್ಲ. ಟೆಕ್ಸ್ಟ್ ಫೈಲಿನಲ್ಲಿ ಒಂದು ದಿನ ಹೀಗೆ ಕಾಣುತ್ತದೆ:

```
ಕೆಲಸ: ಹಳೆ ಫೈಲು ಜೋಡಿಸಿದ್ದು, ಮೂರು ಗಂಟೆ
ಮೈ: ಬಲ ಭುಜದಲ್ಲಿ ಸೆಳೆತ
ಬಾಕಿ: ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್
```

ಈಗ ಕನ್ನಡದ ಸಂಗತಿ. ಆ್ಯಪ್ ಕೊಳ್ಳುವ ಮೊದಲು ಐದು ನಿಮಿಷದ ಪರೀಕ್ಷೆಯೊಂದಿದೆ. ಮೂರು ಬೇರೆ ಬೇರೆ ತಾರೀಖಿನಲ್ಲಿ "ಕಾಲು", "ಕೋಲು", "ಕೂಲಿ" ಎಂದು ಒಂದೊಂದೇ ಪದ ಬರೆದಿಡಿ. ಆಮೇಲೆ "ಕಾಲು" ಹುಡುಕಿ. ಮೂರೂ ಬಂದರೆ ಆ ಆ್ಯಪ್ ನಿಮ್ಮ ಕಾಗುಣಿತವನ್ನು ಎಸೆದು ಬರೀ ವ್ಯಂಜನಗಳನ್ನು ಪಟ್ಟಿಮಾಡಿದೆ ಎಂದರ್ಥ. ಇದು ಊಹೆಯಲ್ಲ. ಫೋನಿನ ಆ್ಯಪ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ SQLite ಡೇಟಾಬೇಸಿನ FTS5 ಹುಡುಕಾಟದಲ್ಲಿ `unicode61` ಎಂಬ ಪದ ಒಡೆಯುವ ವಿಧಾನವೇ ಮೊದಲಿನಿಂದ ಇರುವ ಆಯ್ಕೆ. ಅದು ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ದೀರ್ಘ, ಕೊಂಬು, ಒತ್ತಿನ ಗುರುತುಗಳು ಯೂನಿಕೋಡಿನಲ್ಲಿ ಬೇರೆ ವರ್ಗದವಾದ್ದರಿಂದ ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. "ಕಾಲು" ಎಂಬುದು "ಕ", "ಲ" ಎಂಬ ಎರಡು ತುಂಡಾಗಿ ಉಳಿಯುತ್ತದೆ, "ಕೋಲು", "ಕೂಲಿ"ಗಳೂ ಅಷ್ಟೇ. ತಮಾಷೆಯೆಂದರೆ "ಕಲೆ" ಆ ಸಾಲಿಗೆ ಸೇರುವುದಿಲ್ಲ: ಅಲ್ಲಿ ಕ ಮತ್ತು ಲ ನಡುವೆ ಯಾವ ಗುರುತೂ ಇಲ್ಲ, ಹಾಗಾಗಿ "ಕಲ" ಒಂದೇ ತುಂಡು. ಆ್ಯಪ್ ಮಾಡುವವರಿಗೆ ದೂರು ಬರೆಯುವುದಾದರೆ ಒಂದೇ ಸಾಲು ಸಾಕು, ಕನ್ನಡದ ಗುರುತುಗಳನ್ನೂ ಪದದೊಳಗೆ ಸೇರಿಸಿಕೊಳ್ಳುವ ಆಯ್ಕೆ ಅದರಲ್ಲೇ ಇದೆ:

```
tokenize="unicode61 categories 'L* N* Co Mn Mc'"
```

ಇಷ್ಟು ಸರಿಯಾದರೂ ವಿಭಕ್ತಿಯ ಕಾಟ ಉಳಿಯುತ್ತದೆ. "ನೋವು" ಎಂದು ಹುಡುಕಿದರೆ "ನೋವಿನಿಂದ", "ನೋವಿಗೆ" ಸಿಗುವುದಿಲ್ಲ. ಕೊನೆಯ ಉಕಾರ ಬಿಟ್ಟು "ನೋವ" ಎಂದು ಹುಡುಕಿದರೆ, ಪದದ ಒಳಗಿನ ತುಣುಕನ್ನೂ ಹುಡುಕುವ ಆ್ಯಪ್ ಆಗಿದ್ದರೆ, ಎಲ್ಲ ರೂಪವೂ ಸಿಗುತ್ತದೆ, "ತಲೆನೋವು" ಕೂಡ. ಫೈಲಿನೊಳಗೆ "ನೋವು" ಎಂಬುದು ನೋ, ವ, ಅದರ ಮೇಲೊಂದು ಕೊಂಬು ಎಂದೇ ಕೂತಿರುತ್ತದೆ, ಆದ್ದರಿಂದ "ನೋವ" ಅದರೊಳಗೇ ಇದೆ. ಆದರೆ ಈ ಕತ್ತರಿ ಉಕಾರಕ್ಕೆ ಮಾತ್ರ. "ಮನೆ"ಯ ಎಕಾರ ಕತ್ತರಿಸಿ "ಮನ" ಎಂದರೆ ಮನಸ್ಸು, ಮನವಿ ಎಲ್ಲ ನುಗ್ಗಿಬರುತ್ತವೆ. ಕತ್ತರಿಸುವ ಅಗತ್ಯವೂ ಇಲ್ಲ, ಮನೆಗೆ, ಮನೆಯಲ್ಲಿ ಎರಡರಲ್ಲೂ "ಮನೆ" ಹಾಗೇ ಉಳಿದಿದೆ. ಕ್ರಿಯಾಪದವನ್ನಂತೂ ಹುಡುಕಲು ಹೋಗಬೇಡಿ. "ಬರು" ಎಂದು ಹುಡುಕುವವರಿಗೆ "ಬಂದೆ" ಎಂದೂ ಸಿಗದು. ಪ್ರಶ್ನೆ ನಾಮಪದ ಕೇಳಬೇಕು ಎಂದದ್ದಕ್ಕೆ ಇದು ಎರಡನೆಯ ಕಾರಣ.

ಎರವಲು ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವೂ ಕಾಡುತ್ತದೆ. "ಆಫೀಸ್‌ನಲ್ಲಿ" ಎಂದು ಸಕಾರಕ್ಕೆ ನಕಾರ ಒತ್ತಾಗದಂತೆ ಬರೆಯುವಾಗ ನಡುವೆ U+200C ಎಂಬ ಅಗೋಚರ ಗುರುತು ಸೇರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದರಲ್ಲಿ ಬೇರೆ ಕೀಲಿ ಒತ್ತಬೇಕು. ಫೋನು ಬದಲಾಯಿಸಿದ ದಿನದಿಂದ ಹಳೆಯ ಹುಡುಕಾಟ ಕೆಲಸ ಮಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. "ಆಫೀಸ" ಎಂದಷ್ಟೇ ಹುಡುಕಿದರೆ ಆಫೀಸು, ಆಫೀಸಿನಲ್ಲಿ, ಆಫೀಸ್‌ಗೆ ಎಲ್ಲವೂ ಬಲೆಗೆ ಬೀಳುತ್ತವೆ. ಒಂದು ದಿನ "ಕಚೇರಿ", ಮಾರನೆಯ ದಿನ "ಆಫೀಸು" ಎಂದು ಬರೆಯುವುದಕ್ಕೆ ಮಾತ್ರ ಯಾವ ತಂತ್ರಾಂಶದಲ್ಲೂ ಸುಲಭದ ಮದ್ದಿಲ್ಲ. ಡೈರಿಯಲ್ಲಿ ಸಾಹಿತ್ಯ ಬೇಡ, ಒಂದು ವಸ್ತುವಿಗೆ ಒಂದೇ ಹೆಸರು ಸಾಕು.

ಭುಜದ ಸೆಳೆತವನ್ನೇ ತೆಗೆದುಕೊಳ್ಳೋಣ. ಅದು ಯಾವಾಗ ಶುರುವಾಯಿತು, ಯಾವ ಕೆಲಸದ ದಿನ ಬರುತ್ತದೆ ಎಂದು ಡಾಕ್ಟರು ಕೇಳಿದರೆ ನೆನಪಿನಿಂದ ಹೇಳುವುದು ಕಷ್ಟ. ಆ್ಯಪ್‌ನಲ್ಲಿ "ಭುಜ" ಹುಡುಕಿದರೆ "ಹೆಗಲು" ಎಂದು ಬರೆದ ದಿನಗಳು ತಪ್ಪಿಹೋಗುತ್ತವೆ. ಟೆಕ್ಸ್ಟ್ ಫೈಲಿನಲ್ಲಿ ದಿನಕ್ಕೊಂದು ಕಡತ, ಅದಕ್ಕೆ `2024-08-12.txt` ರೀತಿಯ ಹೆಸರು ಇಟ್ಟಿದ್ದರೆ ಲಿನಕ್ಸ್ ಇಲ್ಲವೇ ಮ್ಯಾಕ್ ಕಂಪ್ಯೂಟರಿನಲ್ಲಿ, ಡೈರಿಯ ಫೋಲ್ಡರಿನೊಳಗಿಂದ, ಈ ಆಜ್ಞೆ ಸಾಕು:

```
grep -rE "^ಮೈ:.*(ಭುಜ|ಹೆಗಲ)" . | sort
```

ಸಾಲಿನ ಆರಂಭದಲ್ಲಿ "ಮೈ:" ಇರಬೇಕೆಂದು ಹೇಳಿರುವುದರಿಂದ "ಹೊಣೆ ನನ್ನ ಹೆಗಲಿಗೆ ಬಿತ್ತು" ಎಂದು ಕೆಲಸದ ಸಾಲಿನಲ್ಲಿ ಬರೆದದ್ದು ಬರುವುದಿಲ್ಲ. ಕಡತದ ಹೆಸರಲ್ಲೇ ತಾರೀಖು ಇರುವುದರಿಂದ ಪ್ರತಿ ಸಾಲಿನ ಮುಂದೆ ದಿನವೂ ಬರುತ್ತದೆ, ವರ್ಷ ಮೊದಲು ಬರೆದಿರುವುದರಿಂದ ಸಾಲು ಕ್ರಮವಾಗಿಯೇ ನಿಲ್ಲುತ್ತವೆ. ತಿಂಗಳಿಗೊಂದೇ ಕಡತ ಮಾಡಿದರೆ ಈ ಲಾಭ ಹೋಗುತ್ತದೆ: ಸಾಲು ಸಿಗುತ್ತದೆ, ದಿನ ಸಿಗುವುದಿಲ್ಲ. ಸಿಕ್ಕ ತಾರೀಖುಗಳ ಕಡತ ತೆರೆದು "ಕೆಲಸ:" ಸಾಲು ಓದಿ. ಫೈಲು ಜೋಡಿಸಿದ ದಿನಗಳೇ ಮತ್ತೆ ಮತ್ತೆ ಕಾಣಿಸಿದರೆ ಡಾಕ್ಟರಿಗೆ ಹೇಳಲು ಒಂದು ಮಾಹಿತಿ ಸಿಕ್ಕಂತೆ. ಆದರೆ ಎಚ್ಚರ, ನೋವಿಲ್ಲದ ದಿನ "ಮೈ:" ಖಾಲಿ ಬಿಟ್ಟಿದ್ದರೆ ಅದು ನೋವಿಲ್ಲದ ದಿನವೋ, ಬರೆಯಲು ಮರೆತ ದಿನವೋ ತಿಳಿಯುವುದಿಲ್ಲ. "ಮೈ: ಏನಿಲ್ಲ" ಎಂದು ಬರೆಯುವುದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ, ಆ ಎರಡು ಸೆಕೆಂಡಿಲ್ಲದೆ ಈ ಲೆಕ್ಕಕ್ಕೆ ಬೆಲೆಯಿಲ್ಲ.

ತಾರೀಖಿನ ಒಂದು ತಪ್ಪು ಆ್ಯಪ್‌ಗಳಲ್ಲಿ ಸಾಮಾನ್ಯ. ರಾತ್ರಿ ಹನ್ನೆರಡೂಕಾಲಕ್ಕೆ ಬರೆದದ್ದು ಮರುದಿನದ ಲೆಕ್ಕಕ್ಕೆ ಬೀಳುತ್ತದೆ, ಆ ಮರುದಿನದ ಸಂಜೆ "ಇವತ್ತಿನದು ಆಗಲೇ ಮುಗಿದಿದೆ" ಎಂದು ನೆನಪೋಲೆಯೇ ಬರುವುದಿಲ್ಲ. ದಿನ ಬದಲಾಗುವ ಹೊತ್ತನ್ನು ಬೆಳಗಿನ ನಾಲ್ಕಕ್ಕೆ ಸರಿಸುವ ಸೆಟ್ಟಿಂಗ್ ಇದೆಯೇ ನೋಡಿ. ಮಾತಿನಲ್ಲಿ ಹೇಳಿ ಬರೆಸುವುದು ಟೈಪಿಂಗಿಗಿಂತ ವೇಗ, ಆದರೆ ಹೆಸರುಗಳನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ನಾವು ಹುಡುಕುವುದೋ ಹೆಸರುಗಳನ್ನೇ.

ಆ್ಯಪ್ ಬಿಟ್ಟು ಹೊರಬರುವಾಗಿನ ಗೋಳು ಬೇರೆ. ಬರಹವನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿದಾಗ ಕೈಗೆ ಬಂದ JSON ಎಂಬ ಡೇಟಾ ಕಡತದಲ್ಲಿ ಒಂದೂ ಕನ್ನಡ ಅಕ್ಷರ ಕಾಣಲಿಲ್ಲ, ಭುಜದ ಜಾಗದಲ್ಲಿ `\u0cad\u0cc1\u0c9c` ಇತ್ತು. ಬರಹ ಹಾಳಾಗಿದೆ ಎಂದು ಗಾಬರಿಯಾಗಬೇಕಿಲ್ಲ, ಅದು ಭ, ಕೊಂಬು, ಜ ಎಂಬುದರದೇ ಇನ್ನೊಂದು ಬರಹ. ಆದರೆ ಅದರಲ್ಲಿ "ಭುಜ" ಎಂದು ನೇರವಾಗಿ ಹುಡುಕಿದರೆ ಏನೂ ಸಿಗದು. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಇದನ್ನು ಹೀಗೆ ಬಿಡಿಸಬಹುದು:

```
python3 -m json.tool --no-ensure-ascii diary.json out.json
```

ಈ ಆಯ್ಕೆ ಪೈಥಾನ್ 3.9 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇದೆ. ಜಾಗದ ಚಿಂತೆ ಬೇಡ: ಕನ್ನಡದ ಒಂದೊಂದು ಗುರುತಿಗೂ UTF-8ರಲ್ಲಿ ಮೂರು ಬೈಟ್ ಹಿಡಿದರೂ ದಿನಕ್ಕೆ ಮೂವತ್ತು ಪದದಂತೆ ಒಂದು ವರ್ಷದ ಬರಹ ಅರ್ಧ ಎಂಬಿಯ ಒಳಗೇ ಇರುತ್ತದೆ. ಹಾಗಾಗಿ ಎಕ್ಸ್‌ಪೋರ್ಟನ್ನು ವರ್ಷಕ್ಕೊಮ್ಮೆ ಅಲ್ಲ, ಮೊದಲ ವಾರವೇ ಮಾಡಿ ನೋಡಿ. ಏಳು ದಿನದ ಕಡತದಲ್ಲಿ ಏಳು ತಾರೀಖೂ, ಪ್ರಶ್ನೆಗೂ ಉತ್ತರಕ್ಕೂ ಬೇರೆ ಬೇರೆ ಜಾಗವೂ ಇಲ್ಲದಿದ್ದರೆ ಎಂಟನೆಯ ದಿನ ಅದರಲ್ಲಿ ಬರೆಯಬೇಡಿ.